ಫೋನ್ ಕ್ಯಾಮೆರಾದಿಂದ ಸಂಪಾದನೆ: ಸ್ಟಾಕ್ ಫೋಟೊ, ಮನೆಯ ಸಮಾರಂಭ, ಅಂಗಡಿಯ ಸರಕು – ಮೊದಲು ಯಾವುದನ್ನು ಹಿಡಿಯಬೇಕು?

ಕೈಯಲ್ಲಿರುವ ಫೋನಿನ ಕ್ಯಾಮೆರಾದಿಂದ ಸ್ವಲ್ಪ ಹಣ ಗಳಿಸಬೇಕೆಂದು ಯೋಚಿಸುವವರ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ. ತೆಗೆದ ಚಿತ್ರಗಳನ್ನು ಸ್ಟಾಕ್ ಫೋಟೊ ತಾಣಗಳಿಗೆ ಏರಿಸಿ, ಅವು ಮಾರಾಟವಾದಾಗ ಪಾಲು ಪಡೆಯುವುದು ಒಂದು. ನಾಮಕರಣ, ಹುಟ್ಟುಹಬ್ಬ, ಗೃಹಪ್ರವೇಶದಂತಹ ಚಿಕ್ಕ ಸಮಾರಂಭಗಳ ಫೋಟೊ ತೆಗೆದುಕೊಡುವುದು ಇನ್ನೊಂದು. ಊರಿನ ಅಂಗಡಿಗಳ ಸರಕನ್ನು ಆನ್‌ಲೈನ್ ಮಾರಾಟಕ್ಕೆ ಅಥವಾ ವಾಟ್ಸ್‌ಆ್ಯಪ್ ಕ್ಯಾಟಲಾಗಿಗೆ ಬೇಕಾದಂತೆ ಚಿತ್ರೀಕರಿಸಿಕೊಡುವುದು ಮೂರನೆಯದು. ಈ ಮೂರನ್ನೂ ಒಂದೇ ಕೆಲಸದ ಮೂರು ರೂಪಗಳೆಂದು ತಿಳಿದು ಏಕಕಾಲಕ್ಕೆ ಆರಂಭಿಸುವವರು ಬಹಳ. ವಾಸ್ತವದಲ್ಲಿ ಇವುಗಳ ಲೆಕ್ಕಾಚಾರ ಬೇರೆ, ಅಪಾಯ ಬೇರೆ, ಫೋನಿನಿಂದ ಬೇಡುವ ಗುಣವೂ ಬೇರೆ.

ಇಲ್ಲಿ ನಾನು ಹೋಲಿಕೆಗೆ ಇಟ್ಟುಕೊಂಡಿರುವ ಪ್ರಶ್ನೆಗಳು ಮೂರೇ. ಚಿತ್ರ ಕೆಟ್ಟರೆ ಮತ್ತೆ ತೆಗೆಯುವ ಅವಕಾಶ ಇದೆಯೇ? ಹಣ ಯಾವಾಗ ಕೈಗೆ ಬರುತ್ತದೆ? ತೆಗೆದ ಚಿತ್ರದ ಹಕ್ಕು ಕೊನೆಗೆ ಯಾರದಾಗುತ್ತದೆ? ತಾಲ್ಲೂಕು ಕೇಂದ್ರದಂತಹ ಊರಿನಲ್ಲಿದ್ದು, ಮಧ್ಯಮ ಬೆಲೆಯ ಫೋನ್ ಇಟ್ಟುಕೊಂಡಿರುವವರಿಗೆ ನನ್ನ ಸಲಹೆ ಸ್ಪಷ್ಟವಾಗಿದೆ: ಮೊದಲು ಅಂಗಡಿಯ ಸರಕು, ಅದರಲ್ಲಿ ಕೈ ಪಳಗಿದ ಮೇಲೆ ಹಗಲಿನ ಸಣ್ಣ ಸಮಾರಂಭ, ಸ್ಟಾಕ್ ಫೋಟೊ ಬಿಡುವಿನ ವೇಳೆಯ ಪಕ್ಕದ ಕೆಲಸ. ಹೀಗೇಕೆ ಎಂಬುದನ್ನು ಕೊನೆಯದರಿಂದ ಆರಂಭಿಸಿ ವಿವರಿಸುತ್ತೇನೆ, ಏಕೆಂದರೆ ಹೆಚ್ಚಿನವರು ಮೊದಲು ಕೈಹಾಕುವುದು ಅದಕ್ಕೇ.

ಸ್ಟಾಕ್ ಫೋಟೊ: ಯಾರನ್ನೂ ಕೇಳಬೇಕಿಲ್ಲ, ಆದರೆ ಕಾಯಬೇಕು

ಸ್ಟಾಕ್ ತಾಣಗಳ ಆಕರ್ಷಣೆ ಸುಲಭವಾಗಿ ಅರ್ಥವಾಗುವಂಥದ್ದು. ಗಿರಾಕಿಯ ಮನೆಬಾಗಿಲಿಗೆ ಹೋಗಬೇಕಿಲ್ಲ, ದರದ ಚೌಕಾಸಿ ಇಲ್ಲ, ಒಂದು ಚಿತ್ರ ಹಲವು ಬಾರಿ ಮಾರಾಟವಾಗಬಹುದು. ಫೋನಿನ ಚಿತ್ರಗಳಿಗೆ ಅಲ್ಲಿ ಪ್ರವೇಶವೂ ಇದೆ. ಅಡೋಬಿ ಸ್ಟಾಕ್ ಮತ್ತು ಶಟರ್‌ಸ್ಟಾಕ್ ಎರಡೂ ಕನಿಷ್ಠ 4 ಮೆಗಾಪಿಕ್ಸೆಲ್ ಕೇಳುತ್ತವೆ, ಇಂದಿನ ಸಾಮಾನ್ಯ ಫೋನು 12 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ. ಆದ್ದರಿಂದ ಗಾತ್ರದ ಕಾರಣಕ್ಕೆ ಚಿತ್ರ ತಿರಸ್ಕೃತವಾಗುವುದಿಲ್ಲ. ತಿರಸ್ಕೃತವಾಗುವುದು ಫೋನು ತಾನಾಗಿ ಮಾಡುವ ಸಂಸ್ಕರಣೆಯಿಂದ.

ಇದನ್ನು ನೀವೇ ಪರೀಕ್ಷಿಸಬಹುದು. ಫೋನಿನಲ್ಲಿ ತೆಗೆದ ಒಂದು ಮರದ ಚಿತ್ರವನ್ನು ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಗಾತ್ರದಲ್ಲಿ ತೆರೆದು ಎಲೆಗಳ ಗುಂಪನ್ನು ನೋಡಿ. ಎಲೆಗಳು ಎಲೆಗಳಾಗಿ ಕಾಣದೆ ಕುಂಚದಿಂದ ಒತ್ತಿದ ಹಸಿರು ಮಚ್ಚೆಗಳಂತೆ ಕಂಡರೆ, ಕೊಂಬೆಯ ಅಂಚಿನಲ್ಲಿ ತೆಳು ಬಿಳಿ ಗೆರೆ ಮೂಡಿದ್ದರೆ, ಫೋನು ಚಿತ್ರದಲ್ಲಿ ಮೂಡುವ ಕಾಳಿನಂತಹ ಸಣ್ಣ ಚುಕ್ಕೆಗಳನ್ನು ಅಳಿಸಿ ಅಂಚನ್ನು ಬಲವಂತವಾಗಿ ಹರಿತಗೊಳಿಸಿದೆ ಎಂದರ್ಥ. ಸ್ಟಾಕ್ ತಾಣದ ಪರಿಶೀಲಕರು ನೋಡುವುದು ಈ ಗಾತ್ರದಲ್ಲಿಯೇ. ಪೋರ್ಟ್ರೇಟ್ ಮೋಡಿನಲ್ಲಿ ಹಿನ್ನೆಲೆಯನ್ನು ಮಸುಕುಗೊಳಿಸಿದ ಚಿತ್ರದಲ್ಲಿ ಕಿವಿಯೋಲೆಯ ಅರ್ಧ, ಕೂದಲಿನ ತುದಿ ಮಸುಕಿನೊಳಗೆ ಸೇರಿಹೋಗಿರುತ್ತವೆ. ರಾತ್ರಿ ಮೋಡು, ಡಿಜಿಟಲ್ ಜೂಮ್‌ಗಳ ಕಥೆಯೂ ಇದೇ. ಹಗಲು ಬೆಳಕು, ಮುಖ್ಯ ಲೆನ್ಸ್, ಜೂಮ್ ಇಲ್ಲ, ಫಿಲ್ಟರ್ ಇಲ್ಲ ಎಂಬ ಶಿಸ್ತಿನಲ್ಲಿ ತೆಗೆದರೆ ಈ ದೋಷಗಳು ಬಹುಮಟ್ಟಿಗೆ ತಪ್ಪುತ್ತವೆ.

ಎರಡನೆಯ ತೊಡಕು ವಿಷಯದ್ದು. ಹಂಪಿಯ ಕಲ್ಲಿನ ರಥ, ಕಡಲ ಮೇಲಿನ ಸೂರ್ಯಾಸ್ತ, ಮಳೆಹನಿ ಹೊತ್ತ ಹೂವು ಇವು ಈ ತಾಣಗಳಲ್ಲಿ ಆಗಲೇ ರಾಶಿ ಬಿದ್ದಿವೆ. ಹೊಸದಾಗಿ ಬಂದವರ ಚಿತ್ರ ಹುಡುಕಾಟದ ಹತ್ತನೆಯ ಪುಟದಲ್ಲಿಯೂ ಕಾಣುವುದಿಲ್ಲ. ಅಡಿಕೆ ಸುಲಿದು ಬೇಯಿಸಿ ಅಂಗಳದಲ್ಲಿ ಹರವಿದ ನೋಟ, ಹಿಟ್ಟಿನ ಕೋಲಿನಿಂದ ರಾಗಿ ಮುದ್ದೆ ತೊಳಸುವ ಕೈ, ಬ್ಯಾಡಗಿ ಮೆಣಸಿನಕಾಯಿಯ ಸುಕ್ಕು ಸಿಪ್ಪೆ ಕಾಣುವಂತೆ ಹತ್ತಿರದಿಂದ ತೆಗೆದ ರಾಶಿ, ಇಂಥವುಗಳಿಗೆ ಪೈಪೋಟಿ ಕಡಿಮೆ. ಆದರೆ ಚಿತ್ರಕ್ಕೆ ಶೀರ್ಷಿಕೆ ಮತ್ತು ಹುಡುಕುಪದಗಳನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೇ ಕೊಡಬೇಕಾಗುತ್ತದೆ. ಅಡೋಬಿ ಸ್ಟಾಕ್ 49 ಪದಗಳವರೆಗೆ ಅವಕಾಶ ಕೊಟ್ಟು, ಮೊದಲ ಹತ್ತಕ್ಕೆ ಹೆಚ್ಚು ಮಹತ್ವ ಕೊಡುತ್ತದೆ. ಕೊಳ್ಳುವವರು ‘ಸುಂದರ’ ಎಂದು ಹುಡುಕುವುದಿಲ್ಲ, ವಸ್ತುವಿನ ಹೆಸರು ಹಿಡಿದು ಹುಡುಕುತ್ತಾರೆ.

ಗುರುತು ಸಿಗುವ ವ್ಯಕ್ತಿ ಚಿತ್ರದಲ್ಲಿದ್ದರೆ ಅವರು ಸಹಿ ಹಾಕಿದ ಒಪ್ಪಿಗೆ ಪತ್ರ ಬೇಕು. ಮಕ್ಕಳಾದರೆ ತಂದೆ ಅಥವಾ ತಾಯಿಯ ಸಹಿ ಬೇಕು. ಸಂತೆಯ ಚಿತ್ರದಲ್ಲಿ ಮೂಲೆಯಲ್ಲಿ ಕಂಡ ಸೋಪಿನ ಲಾಂಛನವೂ ತಿರಸ್ಕಾರಕ್ಕೆ ಸಾಕು. ಮುಖ ಕಾಣದಂತೆ ಕೈಗಳನ್ನು, ಕೆಲಸವನ್ನು, ವಸ್ತುವನ್ನು ತೆಗೆಯುವುದು ಆರಂಭದಲ್ಲಿ ಜಾಣತನ.

ಇನ್ನು ಹಣದ ಮಾತು. ಶಟರ್‌ಸ್ಟಾಕ್ 2020ರ ಜೂನ್‌ನಿಂದ ಮಟ್ಟಗಳ ಪದ್ಧತಿ ತಂದಿತು. ಮಾರಾಟದ ಸಂಖ್ಯೆ ಏರಿದಂತೆ ಪಾಲು ಶೇ 15ರಿಂದ ಶೇ 40ರವರೆಗೆ ಏರುತ್ತದೆ, ಆದರೆ ಪ್ರತಿ ಜನವರಿ 1ರಂದು ಎಲ್ಲರೂ ಮತ್ತೆ ಕೆಳಮೆಟ್ಟಿಲಿಗೆ ಬರುತ್ತಾರೆ. ಚಂದಾದಾರ ಗಿರಾಕಿಯ ಒಂದು ಡೌನ್‌ಲೋಡಿಗೆ 10 ಸೆಂಟ್ ಮಾತ್ರ ಸಿಗುವುದು ಅಲ್ಲಿ ಸಾಮಾನ್ಯ. ಅಡೋಬಿ ಸ್ಟಾಕ್ ಫೋಟೊಗಳಿಗೆ ಶೇ 33ರ ಪಾಲು ಕೊಡುತ್ತದೆ, ಹಣ ತೆಗೆಯಲು ಕನಿಷ್ಠ 25 ಡಾಲರ್ ಸೇರಿರಬೇಕು. ಒಂದು ಡೌನ್‌ಲೋಡಿಗೆ 33 ಸೆಂಟ್ ಎಂದು ಹಿಡಿದರೂ ಮೊದಲ ಪಾವತಿಗೆ 76 ಮಾರಾಟಗಳಾಗಬೇಕು. ಐವತ್ತು ಚಿತ್ರಗಳ ಸಂಗ್ರಹದಿಂದ ಅಷ್ಟು ಮಾರಾಟ ಆಗಲು ತಿಂಗಳುಗಳೇ ಹಿಡಿಯಬಹುದು. W-8BEN ಎಂಬ ತೆರಿಗೆ ನಮೂನೆಯಲ್ಲಿ ಪ್ಯಾನ್ ಸಂಖ್ಯೆ ಕೊಟ್ಟು ಭಾರತದ ನಿವಾಸಿ ಎಂದು ದಾಖಲಿಸದಿದ್ದರೆ, ಅಮೆರಿಕದ ಖರೀದಿದಾರರಿಂದ ಬಂದ ಪಾಲಿನಲ್ಲಿ ಶೇ 30 ಅಲ್ಲಿಯೇ ಕಡಿತವಾಗುತ್ತದೆ. ದಾಖಲಿಸಿದರೆ ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಅದು ಶೇ 15ಕ್ಕೆ ಇಳಿಯುತ್ತದೆ.

ಹೀಗಾಗಿ ಮರುಚಿತ್ರೀಕರಣದ ಅವಕಾಶ ಮತ್ತು ಹಕ್ಕು, ಈ ಎರಡು ಪ್ರಶ್ನೆಗಳಿಗೆ ಸ್ಟಾಕ್ ಒಳ್ಳೆಯ ಉತ್ತರ ಕೊಡುತ್ತದೆ. ಕೆಟ್ಟರೆ ನಾಳೆ ಮತ್ತೆ ತೆಗೆಯಬಹುದು, ಹಕ್ಕು ನಿಮ್ಮಲ್ಲಿಯೇ ಉಳಿಯುತ್ತದೆ. ಹಣದ ಪ್ರಶ್ನೆಗೆ ಮಾತ್ರ ಅದು ದುರ್ಬಲ. ಈ ತಿಂಗಳ ಫೋನಿನ ಕಂತು ಕಟ್ಟಬೇಕಾದವರು ಇದನ್ನು ನೆಚ್ಚಿಕೊಳ್ಳಬಾರದು.

ಸಣ್ಣ ಸಮಾರಂಭ: ಕೈಗೆ ಬೇಗ ಹಣ, ಎರಡನೆಯ ಅವಕಾಶವಿಲ್ಲ

ಸಮಾರಂಭದಲ್ಲಿ ಎಲ್ಲ ಅತಿಥಿಗಳ ಕೈಯಲ್ಲಿಯೂ ಫೋನ್ ಇರುವಾಗ ನಿಮಗೆ ಹಣ ಏಕೆ ಕೊಡಬೇಕು ಎಂಬ ಪ್ರಶ್ನೆಯನ್ನು ಮೊದಲು ಎದುರಿಸಬೇಕು. ಮನೆಯವರು ಕೊಳ್ಳುವುದು ನಿಮ್ಮ ಗಮನವನ್ನು. ಅತಿಥಿಗಳು ತಮಗೆ ತೋಚಿದ್ದನ್ನು ತೆಗೆದು ಊಟಕ್ಕೆ ಹೋಗುತ್ತಾರೆ. ಎರಡೂ ಕಡೆಯ ಅಜ್ಜ ಅಜ್ಜಿಯರ ಜೊತೆ ಮಗುವಿನ ಚಿತ್ರ ಬಂದಿದೆಯೇ, ದೂರದಿಂದ ಬಂದ ಸೋದರಮಾವ ಯಾವುದಾದರೂ ಗುಂಪಿನಲ್ಲಿ ಸೇರಿದ್ದಾರೆಯೇ ಎಂದು ನೋಡಿಕೊಳ್ಳುವವರು ಬೇರೆ ಯಾರೂ ಇರುವುದಿಲ್ಲ. ಆದ್ದರಿಂದ ಹಿಂದಿನ ದಿನವೇ ಮನೆಯ ಹಿರಿಯರೊಬ್ಬರ ಜೊತೆ ಕುಳಿತು, ಯಾವ ಶಾಸ್ತ್ರ ಯಾವ ಹೊತ್ತಿಗೆ, ಯಾವ ಗುಂಪು ಫೋಟೊಗಳು ಕಡ್ಡಾಯ ಎಂಬ ಪಟ್ಟಿ ಬರೆದುಕೊಳ್ಳುವುದು ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ಬೆಳಕಿನದು. ನಾಮಕರಣವನ್ನೇ ತೆಗೆದುಕೊಳ್ಳೋಣ. ನಡುಮನೆಯಲ್ಲಿ ತೊಟ್ಟಿಲು, ಮೇಲೆ ಒಂದೆರಡು ಎಲ್‌ಇಡಿ ಟ್ಯೂಬು, ಸುತ್ತ ಬಾಗಿ ನಿಂತ ಹೆಂಗಸರು. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಕ್ಷಣ ಬಹಳವೆಂದರೆ ಅರ್ಧ ನಿಮಿಷ. ಬಾಗಿದ ತಲೆಗಳು ಮೇಲಿನ ಬೆಳಕನ್ನೂ ತಡೆಯುವುದರಿಂದ ಫೋನಿನ ಸ್ವಯಂಚಾಲಿತ ಮೋಡು ಷಟರನ್ನು ಸೆಕೆಂಡಿನ 1/20 ಅಥವಾ 1/30ರಷ್ಟು ಹೊತ್ತು ತೆರೆದಿಡುತ್ತದೆ. ಅಷ್ಟು ಹೊತ್ತಿನಲ್ಲಿ ಮಗುವಿನ ಕೈ ಅಲ್ಲಾಡಿದರೆ ಚಿತ್ರ ಮಸುಕಾಗುತ್ತದೆ, ಫೋನಿನ ಚಿಕ್ಕ ಪರದೆಯಲ್ಲಿ ಅದು ಗೊತ್ತಾಗುವುದೂ ಇಲ್ಲ. ಅಂಕಿಗಳನ್ನು ನಾವೇ ಹೊಂದಿಸಬಹುದಾದ ಪ್ರೊ ಮೋಡಿಗೆ ಹೋಗಿ ಷಟರನ್ನು 1/100ಕ್ಕೆ ನಿಲ್ಲಿಸಿ, ಬೆಳಕಿಗೆ ಸೆನ್ಸರು ತೋರುವ ಸೂಕ್ಷ್ಮತೆಯ ಅಂಕಿಯಾದ ಐಎಸ್‌ಒವನ್ನು 800ರ ಆಸುಪಾಸಿಗೆ ಏರಿಸಿದರೆ ಸ್ವಲ್ಪ ಕಾಳು ಬಂದರೂ ಮುಖ ಸ್ಪಷ್ಟವಾಗಿರುತ್ತದೆ. 1/100 ಎಂಬ ಅಂಕಿಗೆ ಬೇರೊಂದು ಕಾರಣವೂ ಇದೆ. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಜ್ ಆದ್ದರಿಂದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿಣುಕುತ್ತವೆ. ಷಟರು 1/50 ಅಥವಾ 1/100 ಇದ್ದರೆ ಆ ಮಿಣುಕು ಸರಿಹೊಂದಿಹೋಗುತ್ತದೆ, 1/250ಕ್ಕೆ ಹೋದರೆ ಚಿತ್ರದ ಮೇಲೆ ಅಡ್ಡಲಾಗಿ ಕಪ್ಪು ಪಟ್ಟೆಗಳು ಬೀಳಬಹುದು. ಸಮಾರಂಭಕ್ಕೆ ಅರ್ಧ ಗಂಟೆ ಮೊದಲು ಹೋಗಿ, ತೊಟ್ಟಿಲನ್ನು ಕಿಟಕಿಯ ಹತ್ತಿರಕ್ಕೆ ಸರಿಸಲು ಕೇಳಿಕೊಂಡು, ಕಿಟಕಿಗೆ ನಿಮ್ಮ ಬೆನ್ನು ಬರುವಂತೆ ಜಾಗ ಹಿಡಿದರೆ ಈ ಎಲ್ಲ ಅಂಕಿಗಳ ಗೋಜು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಹಿರಿಯರು ಸಾಮಾನ್ಯವಾಗಿ ಇದಕ್ಕೆ ಇಲ್ಲವೆನ್ನುವುದಿಲ್ಲ, ಪೂರ್ವಾಭಿಮುಖದ ಲೆಕ್ಕ ತಪ್ಪದಿದ್ದರೆ ಸಾಕು.

ಫೋನು ಕೈಕೊಡುವ ಇನ್ನೆರಡು ಕಡೆಗಳಿವೆ. ವಿಡಿಯೊ ತೆಗೆಯುವಾಗ ಕರೆ ಬಂದರೆ ಹಲವು ಫೋನುಗಳಲ್ಲಿ ಚಿತ್ರೀಕರಣ ನಿಂತುಹೋಗುತ್ತದೆ, ಆದ್ದರಿಂದ ಏರೋಪ್ಲೇನ್ ಮೋಡು ಕಡ್ಡಾಯ. 4ಕೆ ವಿಡಿಯೊ ಸಂಕೋಚನದ ಬಗೆಗೆ ಅನುಗುಣವಾಗಿ ನಿಮಿಷಕ್ಕೆ ಸುಮಾರು 170ರಿಂದ 350 ಎಂಬಿ ನುಂಗುತ್ತದೆ. ಒಂದು ಗಂಟೆಯ ಶಾಸ್ತ್ರಕ್ಕೆ ಹತ್ತರಿಂದ ಇಪ್ಪತ್ತು ಜಿಬಿ ಖಾಲಿ ಇರಬೇಕು, ಜೊತೆಗೆ ಫೋನು ಬಿಸಿಯಾಗಿ ತಾನೇ ನಿಲ್ಲುವ ಸಂಭವವೂ ಇದೆ. ಮನೆಯ ಸಮಾರಂಭಕ್ಕೆ ಫುಲ್ ಎಚ್‌ಡಿ ಸಾಕು. ಎರಡನೆಯ ಫೋನು ಹಿಡಿದ ಒಬ್ಬ ಜೊತೆಗಾರ ಇಲ್ಲದೆ ಹಣ ಪಡೆದು ಸಮಾರಂಭ ಒಪ್ಪಿಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಕೆಳಗೆ ಬಿದ್ದ ಫೋನು ದುರಸ್ತಿಯಾಗಬಹುದು, ಮುಗಿದ ನಾಮಕರಣವನ್ನು ಮತ್ತೆ ಮಾಡಿಸಲಾಗುವುದಿಲ್ಲ.

ದೇವಸ್ಥಾನದಲ್ಲಿ ನಡೆಯುವ ಕಾರ್ಯಕ್ರಮವಾದರೆ ಮುಂಚಿತವಾಗಿ ವಿಚಾರಿಸಬೇಕು. ಮುಜರಾಯಿ ಇಲಾಖೆ 2023ರ ಜುಲೈಯಲ್ಲಿ ತನ್ನ ದೇವಸ್ಥಾನಗಳ ಒಳಗೆ ಮೊಬೈಲ್ ಬಳಕೆಯನ್ನು ನಿಷೇಧಿಸಿ ಆದೇಶ ಹೊರಡಿಸಿದೆ.

ಮದುವೆಯನ್ನು ಫೋನಿನಲ್ಲಿ ಒಪ್ಪಿಕೊಳ್ಳಬಹುದೇ ಎಂದು ಹಲವರು ಕೇಳುತ್ತಾರೆ. ಮುಖ್ಯ ಛಾಯಾಗ್ರಾಹಕರಾಗಿ ಬೇಡ. ಛತ್ರದ ವೇದಿಕೆ ದೂರ, ಆರತಕ್ಷತೆ ರಾತ್ರಿ, ಧಾರೆಯ ಹೊತ್ತಿನಲ್ಲಿ ನೂಕುನುಗ್ಗಲು, ಇವು ಮೂರೂ ಫೋನಿನ ಚಿಕ್ಕ ಸೆನ್ಸರಿಗೆ ವಿರುದ್ಧವಾದ ಸ್ಥಿತಿಗಳು. ದೊಡ್ಡ ಕ್ಯಾಮೆರಾದವರು ಬೇರೆ ಇದ್ದು, ಅದೇ ದಿನ ಸ್ಟೇಟಸ್‌ಗೆ ಹಾಕಲು ಕೆಲವು ಚಿತ್ರ ಮತ್ತು ಚಿಕ್ಕ ರೀಲ್ಸ್ ಬೇಕೆಂದರೆ ಧಾರಾಳವಾಗಿ ಒಪ್ಪಿಕೊಳ್ಳಬಹುದು.

ಅಂಗಡಿಯ ಸರಕು: ನಿಧಾನ, ಆದರೆ ಕೈಹಿಡಿಯುವ ಕೆಲಸ

ಸರಕು ಅಲ್ಲಾಡುವುದಿಲ್ಲ, ಅವಸರ ಪಡಿಸುವುದಿಲ್ಲ, ಕೆಟ್ಟರೆ ಇನ್ನೊಮ್ಮೆ ತೆಗೆಯಲು ಅಲ್ಲಿಯೇ ಇರುತ್ತದೆ. ಷಟರು ನಿಧಾನವಾದರೂ ಟ್ರೈಪಾಡಿನ ಮೇಲೆ ಚಿಂತೆಯಿಲ್ಲ, ಐಎಸ್‌ಒವನ್ನು ಕನಿಷ್ಠ ಮಟ್ಟದಲ್ಲಿ ಇಡಬಹುದು. ಫೋನಿನ ದೌರ್ಬಲ್ಯಗಳೆಲ್ಲ ಇಲ್ಲಿ ಬಹುತೇಕ ಮರೆಯಾಗುತ್ತವೆ. ಉಳಿಯುವ ಒಂದೇ ದೊಡ್ಡ ಸಮಸ್ಯೆ ಬಣ್ಣದ್ದು, ಹಣ ಕೊಡುವ ಅಂಗಡಿಯವರಿಗೆ ಅತ್ಯಂತ ಮುಖ್ಯವಾದದ್ದೂ ಅದೇ. ಚಿತ್ರದಲ್ಲಿ ಕಂಡ ಬಣ್ಣ ಒಂದು, ಕೈಗೆ ಬಂದ ಬಣ್ಣ ಇನ್ನೊಂದು ಎಂದಾದರೆ ಗಿರಾಕಿ ಸರಕನ್ನು ಹಿಂದಿರುಗಿಸುತ್ತಾರೆ, ಅದರ ಖರ್ಚು ಅಂಗಡಿಯ ತಲೆಗೆ ಬರುತ್ತದೆ.

ಇಳಕಲ್ ಸೀರೆಯ ಅಂಗಡಿಯೊಂದನ್ನು ಉದಾಹರಣೆಯಾಗಿ ಇಟ್ಟುಕೊಂಡು ಕೆಲಸವನ್ನು ಮೊದಲಿನಿಂದ ನೋಡೋಣ. ಅಂಗಡಿಯವರಿಗೆ ಇಪ್ಪತ್ತು ಸೀರೆಗಳ ಚಿತ್ರ ಬೇಕು ಎನ್ನಿ, ಪ್ರತಿಯೊಂದಕ್ಕೂ ನಾಲ್ಕು ನೋಟ: ಪೂರ್ತಿ ಸೀರೆ, ಬಿಡಿಸಿದ ಸೆರಗು, ಹತ್ತಿರದಿಂದ ದಡಿ, ಒಡಲಿನ ನೇಯ್ಗೆ. ಈ ಸೀರೆಯ ಸೆರಗು ಸಾಂಪ್ರದಾಯಿಕವಾಗಿ ಕಡುಗೆಂಪು ರೇಷ್ಮೆಯದು, ಅದರ ಮೇಲೆ ಬಿಳಿಯ ತೋಪು ತೆನಿ ವಿನ್ಯಾಸ. ಫೋನಿನ ಕ್ಯಾಮೆರಾ ತಡವರಿಸುವುದು ಸರಿಯಾಗಿ ಈ ಕೆಂಪಿನ ಮೇಲೆಯೇ.

ಮೊದಲ ಕೆಲಸ, ಅಂಗಡಿಯ ಟ್ಯೂಬ್‌ಲೈಟುಗಳನ್ನು ಆರಿಸುವುದು. ಕಿಟಕಿ ಅಥವಾ ಬಾಗಿಲ ಬೆಳಕೂ ಟ್ಯೂಬಿನ ಬೆಳಕೂ ಒಂದೇ ಬಟ್ಟೆಯ ಮೇಲೆ ಬಿದ್ದರೆ ಒಂದು ಬದಿ ನೀಲಿಗೆ, ಇನ್ನೊಂದು ಬದಿ ಹಳದಿಗೆ ತಿರುಗುತ್ತದೆ, ಆಮೇಲೆ ಯಾವ ಎಡಿಟಿಂಗಿನಲ್ಲಿಯೂ ಎರಡನ್ನೂ ಒಟ್ಟಿಗೆ ಸರಿಪಡಿಸಲಾಗುವುದಿಲ್ಲ. ನೇರ ಬಿಸಿಲು ಬೀಳದ ಬಾಗಿಲಿನ ಪಕ್ಕ ಸೀರೆಯನ್ನು ತೂಗುಹಾಕಿ, ಬೆಳಕು ಒಂದು ಬದಿಯಿಂದ ಬರುವಂತೆ ನೋಡಿಕೊಂಡು, ಎದುರು ಬದಿಗೆ ಬಿಳಿಯ ಥರ್ಮಾಕೋಲ್ ಹಲಗೆ ನಿಲ್ಲಿಸಬೇಕು. ಬದಿಯ ಬೆಳಕು ನೇಯ್ಗೆಯ ಎಳೆಗಳನ್ನು ಎತ್ತಿ ತೋರಿಸುತ್ತದೆ, ಥರ್ಮಾಕೋಲ್ ನೆರಳನ್ನು ಮೃದುಗೊಳಿಸುತ್ತದೆ. ಹಿನ್ನೆಲೆಗೆ ಬಿಳಿ ಬಟ್ಟೆಯಾದರೆ ಇಸ್ತ್ರಿ ಮಾಡಿದ್ದಿರಬೇಕು, ಚಿಕ್ಕ ವಸ್ತುಗಳಿಗೆ ಡ್ರಾಯಿಂಗ್ ಶೀಟನ್ನು ಗೋಡೆಯಿಂದ ಮೇಜಿಗೆ ಬಾಗಿಸಿ ಅಂಟಿಸಿದರೆ ಮೂಲೆಯ ಗೆರೆ ಕಾಣುವುದಿಲ್ಲ.

ಫೋನನ್ನು ಟ್ರೈಪಾಡಿಗೆ ಹಾಕಿ ಸ್ವಲ್ಪ ದೂರ ಸರಿದು, ಎರಡು ಪಟ್ಟಿನ ಟೆಲಿ ಲೆನ್ಸ್ ಇದ್ದರೆ ಅದನ್ನು ಬಳಸಬೇಕು. ಹತ್ತಿರ ನಿಂತು ಅಗಲ ಲೆನ್ಸಿನಲ್ಲಿ ತೆಗೆದರೆ ನೇರವಾದ ದಡಿ ಬಿಲ್ಲಿನಂತೆ ಬಾಗಿ ಕಾಣುತ್ತದೆ. ನಂತರ ಸೀರೆಯ ಮೇಲೆ ಬೆರಳನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕಿನ ಮಟ್ಟವನ್ನು ಲಾಕ್ ಮಾಡಬೇಕು, ಪ್ರೊ ಮೋಡಿನಲ್ಲಿ, ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನೂ ಒಂದೇ ಅಂಕಿಗೆ ನಿಲ್ಲಿಸಬೇಕು. ಇದನ್ನು ಮಾಡದಿದ್ದರೆ ಫೋನು ಕಪ್ಪು ಸೀರೆ ಬಂದಾಗ ಚಿತ್ರವನ್ನು ಬೆಳಗಿಸುತ್ತದೆ, ತಿಳಿ ಬಣ್ಣದ್ದು ಬಂದಾಗ ಮಬ್ಬಾಗಿಸುತ್ತದೆ, ಇಪ್ಪತ್ತು ಸೀರೆಗಳು ಇಪ್ಪತ್ತು ಬೇರೆ ಬೇರೆ ಹೊತ್ತಿನಲ್ಲಿ ತೆಗೆದಂತೆ ಕಾಣುತ್ತವೆ. ಮೋಡ ಬಂದು ಬೆಳಕು ಬದಲಾದರೆ ಲಾಕನ್ನು ಬಿಡಿಸಿ ಮತ್ತೆ ಹಾಕಬೇಕೆಂಬುದು ನೆನಪಿರಲಿ.

ಈಗ ಆ ಕೆಂಪು. ತೆಗೆದ ಸೆರಗಿನ ಚಿತ್ರವನ್ನು ಹಿಗ್ಗಿಸಿ ನೋಡಿ. ಬಿಳಿಯ ವಿನ್ಯಾಸ ಚೆನ್ನಾಗಿದ್ದು, ಕೆಂಪು ಮಾತ್ರ ನೇಯ್ಗೆಯ ಎಳೆಗಳಿಲ್ಲದ ಸಪಾಟಾದ ಬಣ್ಣವಾಗಿ ಕಂಡರೆ, ಕೆಂಪಿನ ಮಾಹಿತಿ ಮಿತಿಮೀರಿ ಕತ್ತರಿಸಿಹೋಗಿದೆ. ಬೆಳಕಿನ ಮಟ್ಟವನ್ನು ಅರ್ಧದಿಂದ ಮುಕ್ಕಾಲು ಅಂಕಿಯಷ್ಟು ಇಳಿಸಿ ಮತ್ತೆ ತೆಗೆದರೆ ಎಳೆಗಳು ಮರಳಿ ಬರುತ್ತವೆ. ಒಟ್ಟು ಚಿತ್ರ ಸ್ವಲ್ಪ ಕಪ್ಪಾಗಿದ್ದರೂ ಎಡಿಟಿಂಗಿನಲ್ಲಿ ಎತ್ತಿಕೊಳ್ಳಬಹುದು. ಕತ್ತರಿಸಿಹೋದ ಕೆಂಪನ್ನು ಮಾತ್ರ ಯಾವುದೂ ಹಿಂದಿರುಗಿಸದು. ಸರಣಿಯ ಮೊದಲ ಚಿತ್ರದಲ್ಲಿ ಸೀರೆಯ ಮೇಲೆ ಬೂದುಬಣ್ಣದ ಗ್ರೇ ಕಾರ್ಡ್ ಇಟ್ಟು ಒಂದು ಚಿತ್ರ ತೆಗೆದಿಟ್ಟರೆ, ಎಡಿಟಿಂಗ್ ಆ್ಯಪಿನಲ್ಲಿ ಅದರ ಮೇಲೆ ಒತ್ತಿ ಬಣ್ಣ ಸರಿಪಡಿಸಿಕೊಂಡು, ಅದೇ ತಿದ್ದುಪಡಿಯನ್ನು ಉಳಿದೆಲ್ಲ ಚಿತ್ರಗಳಿಗೆ ನಕಲು ಮಾಡಬಹುದು.

ಬಣ್ಣ ಸರಿಯಾಗಿದೆಯೆಂದು ನೀವು ತೀರ್ಮಾನಿಸಬೇಡಿ, ಅಂಗಡಿಯವರು ತೀರ್ಮಾನಿಸಲಿ. ಫೋನಿನ ಪರದೆಯನ್ನು ‘ವಿವಿಡ್’ನಿಂದ ‘ನ್ಯಾಚುರಲ್’ಗೆ ಬದಲಿಸಿ, ಅದೇ ಬಾಗಿಲ ಬೆಳಕಿನಲ್ಲಿ ಸೀರೆಯ ಪಕ್ಕ ಫೋನು ಹಿಡಿದು ತೋರಿಸಿ, ಅವರು ಹೌದೆಂದ ಮೇಲೆಯೇ ಮುಂದಿನ ಸೀರೆ. ದಾಳಿಂಬರಿಯಂತಹ ಬಣ್ಣದಲ್ಲಿ ಕಣ್ಣು ಪಳಗಿದ ವ್ಯಾಪಾರಿ ಹಿಡಿಯುವ ವ್ಯತ್ಯಾಸ ನಮಗೆ ಕಾಣುವುದೇ ಇಲ್ಲ.

ಚಿತ್ರ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಅಮೆಜಾನಿನ ಮುಖ್ಯ ಚಿತ್ರಕ್ಕೆ ಅಪ್ಪಟ ಬಿಳಿ ಹಿನ್ನೆಲೆ (RGB 255, 255, 255) ಬೇಕು, ವಸ್ತು ಚೌಕಟ್ಟಿನ ಶೇ 85ರಷ್ಟನ್ನು ತುಂಬಿರಬೇಕು, ಚಿತ್ರದ ಮೇಲೆ ಬರಹ ಅಥವಾ ಲಾಂಛನ ಇರಬಾರದು, ಹಿಗ್ಗಿಸಿ ನೋಡುವ ಸೌಲಭ್ಯ ಸಿಗಬೇಕಾದರೆ ಉದ್ದನೆಯ ಬದಿ ಕನಿಷ್ಠ 1000 ಪಿಕ್ಸೆಲ್ ಇರಬೇಕು. ಬಿಳಿ ಕಾಗದದ ಮುಂದೆ ತೆಗೆದ ಚಿತ್ರದಲ್ಲಿ ಕಾಗದ ತಿಳಿ ಬೂದಾಗಿಯೇ ಬರುತ್ತದೆ, ಆದ್ದರಿಂದ ಹಿನ್ನೆಲೆಯನ್ನು ಎಡಿಟಿಂಗಿನಲ್ಲಿ ಅಪ್ಪಟ ಬಿಳಿಗೆ ತರುವ ಸಮಯವನ್ನು ದರದಲ್ಲಿ ಸೇರಿಸಿಕೊಳ್ಳಬೇಕು. ವಾಟ್ಸ್‌ಆ್ಯಪ್ ಬಿಸಿನೆಸ್ ಕ್ಯಾಟಲಾಗಿಗಾದರೆ ಇಷ್ಟು ಬಿಗಿ ಇಲ್ಲ, ಚೌಕಾಕಾರಕ್ಕೆ ಕತ್ತರಿಸಿದಾಗ ಸೆರಗಿನ ತುದಿ ಹೋಗದಂತೆ ಸುತ್ತಲೂ ಜಾಗ ಬಿಟ್ಟಿದ್ದರೆ ಸಾಕು. ಚಿತ್ರಗಳನ್ನು ಅಂಗಡಿಯವರಿಗೆ ವಾಟ್ಸ್‌ಆ್ಯಪಿನಲ್ಲಿ ಕಳುಹಿಸುವಾಗ ಫೋಟೊ ಎಂದು ಕಳುಹಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಡಾಕ್ಯುಮೆಂಟ್ ಎಂದು ಕಳುಹಿಸಬೇಕು ಅಥವಾ ಡ್ರೈವ್ ಕೊಂಡಿ ಕೊಡಬೇಕು. ಫೈಲಿಗೆ ಅಂಗಡಿಯ ಸರಕು ಸಂಖ್ಯೆಯನ್ನೇ ಹೆಸರಾಗಿಟ್ಟರೆ ಅವರು ನಿಮ್ಮನ್ನು ಮತ್ತೆ ಕರೆಯುತ್ತಾರೆ. ಈ ಸಣ್ಣ ಉಪಕಾರವನ್ನು ಮಾಡುವವರು ಕಡಿಮೆ.

ಎಲ್ಲ ಅಂಗಡಿಯೂ ಇಷ್ಟು ಸಲೀಸಲ್ಲ. ಸ್ಟೀಲ್ ಪಾತ್ರೆಯಲ್ಲಿ ನೀವೇ ಪ್ರತಿಬಿಂಬವಾಗಿ ಕಾಣುತ್ತೀರಿ. ಸುತ್ತ ಬಿಳಿ ಪಂಚೆ ಕಟ್ಟಿ, ನಡುವೆ ಲೆನ್ಸಿನಷ್ಟೇ ಜಾಗ ಬಿಡಬೇಕಾಗುತ್ತದೆ. ಒಂದು ಗ್ರಾಂ ಚಿನ್ನದ ಒಡವೆಗೆ ಫೋನಿನ ಮ್ಯಾಕ್ರೊ ಲೆನ್ಸ್ ಬಳಸುವ ಆಸೆಯಾಗುತ್ತದೆ, ಆದರೆ ಅಗ್ಗದ ಫೋನುಗಳಲ್ಲಿ ಅದು ಹೆಚ್ಚಾಗಿ 2 ಮೆಗಾಪಿಕ್ಸೆಲ್ಲಿನದು. ಮುಖ್ಯ ಲೆನ್ಸಿನಲ್ಲಿ ಸ್ವಲ್ಪ ದೂರದಿಂದ ತೆಗೆದು ಕತ್ತರಿಸಿಕೊಂಡರೆ ಅದಕ್ಕಿಂತ ಚೆನ್ನಾಗಿರುತ್ತದೆ. ಆರಂಭಕ್ಕೆ ಬಟ್ಟೆ, ಮರದ ಆಟಿಕೆ, ಉಪ್ಪಿನಕಾಯಿ ಬಾಟಲಿ, ಬೇಕರಿ ತಿನಿಸುಗಳಂಥವು ಒಳ್ಳೆಯದು.

ಗಂಟೆಯ ಲೆಕ್ಕ

ದರಗಳು ಊರಿಂದ ಊರಿಗೆ ಬೇರೆಯಾಗುವುದರಿಂದ ಇಲ್ಲಿ ಕೊಡುವ ಅಂಕಿಗಳನ್ನು ಲೆಕ್ಕದ ರೀತಿಗೆ ಮಾತ್ರ ತೆಗೆದುಕೊಳ್ಳಿ. ಇಪ್ಪತ್ತು ಸೀರೆಗಳಿಗೆ ತಲಾ 50 ರೂಪಾಯಿಯಂತೆ 1,000 ರೂಪಾಯಿ ಒಪ್ಪಿಕೊಂಡಿದ್ದೀರಿ. ಜಾಗ ಸಿದ್ಧಪಡಿಸಲು ಮುಕ್ಕಾಲು ಗಂಟೆ, ಸೀರೆಗೆ ಆರು ನಿಮಿಷದಂತೆ ಎರಡು ಗಂಟೆ, ಎಡಿಟಿಂಗಿಗೆ ಒಂದೂವರೆ ಗಂಟೆ, ಒಟ್ಟು ನಾಲ್ಕೂಕಾಲು ಗಂಟೆ. ಗಂಟೆಗೆ ಸುಮಾರು 235 ರೂಪಾಯಿ ಬಂತು. ನಾಮಕರಣವೊಂದನ್ನು 3,000 ರೂಪಾಯಿಗೆ ಒಪ್ಪಿಕೊಂಡರೆ ಅಲ್ಲಿ ಐದು ಗಂಟೆ, ಆರಿಸಿ ತಿದ್ದಲು ನಾಲ್ಕು ಗಂಟೆ. ಜೊತೆಗಾರನಿಗೆ 500, ಓಡಾಟಕ್ಕೆ 200 ಕಳೆದರೆ ಗಂಟೆಗೆ ಸುಮಾರು 255 ರೂಪಾಯಿ. ಮೊದಲ ನೋಟಕ್ಕೆ 3,000 ದೊಡ್ಡದಾಗಿ ಕಂಡರೂ ಗಂಟೆಯ ಲೆಕ್ಕದಲ್ಲಿ ಎರಡೂ ಹತ್ತಿರ ಹತ್ತಿರವೇ ಇವೆ.

ನಿಜವಾದ ವ್ಯತ್ಯಾಸ ಮುಂದಿನ ಕೆಲಸದಲ್ಲಿದೆ. ಅದೇ ಮನೆಯಲ್ಲಿ ಮುಂದಿನ ಸಮಾರಂಭ ಯಾವಾಗಲೋ. ಸೀರೆ ಅಂಗಡಿಗೆ ದಸರಾ, ದೀಪಾವಳಿ, ಯುಗಾದಿ ಮತ್ತು ಮದುವೆಯ ಕಾಲಕ್ಕೆ ಹೊಸ ಸರಕು ಬರುತ್ತಲೇ ಇರುತ್ತದೆ. ಎರಡನೆಯ ಸಲ ಹೋಗುವಾಗ ಬೆಳಕಿನ ಜಾಗ, ಎತ್ತರ, ತಿದ್ದುಪಡಿ ಎಲ್ಲವೂ ಗೊತ್ತಿರುವುದರಿಂದ ಅದೇ ಇಪ್ಪತ್ತು ಸೀರೆ ಮೂರು ಗಂಟೆಯಲ್ಲಿ ಮುಗಿದು, ಗಂಟೆಯ ಗಳಿಕೆ 330 ದಾಟುತ್ತದೆ. ಸಮಾರಂಭದಲ್ಲಿ ಅನುಭವ ಎಷ್ಟಾದರೂ ಐದು ಗಂಟೆ ಐದು ಗಂಟೆಯೇ. ಮುಂಗಡದ ವಿಷಯದಲ್ಲಿ ಮಾತ್ರ ಸಮಾರಂಭದವರು ವಾಸಿ. ಅಂಗಡಿಯವರು ‘ಮುಂದಿನ ವಾರ ನೋಡೋಣ’ ಎನ್ನುವುದು ರೂಢಿಯಾದ್ದರಿಂದ, ಪೂರ್ಣ ಗಾತ್ರದ ಚಿತ್ರಗಳನ್ನು ಹಣ ಬಂದ ಮೇಲೆ ಕೊಡುವುದು, ಅಲ್ಲಿಯವರೆಗೆ ಒಪ್ಪಿಗೆಗಾಗಿ ಚಿಕ್ಕ ಗಾತ್ರದವನ್ನು ಮಾತ್ರ ತೋರಿಸುವುದು ಒಳ್ಳೆಯ ಕ್ರಮ.

ಚಿತ್ರ ಯಾರದು?

ಇಲ್ಲಿ ಮೂರೂ ದಾರಿಗಳು ಒಂದಕ್ಕೊಂದು ತಾಗುತ್ತವೆ, ಹಲವರು ಎಡವುವುದೂ ಇಲ್ಲಿಯೇ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಒಬ್ಬರು ಹಣ ಕೊಟ್ಟು ಹೇಳಿ ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ. ಅಂದರೆ ಸೀರೆ ಅಂಗಡಿಗೆ ತೆಗೆದ ಸೆರಗಿನ ಚಂದದ ಚಿತ್ರವನ್ನು ಅಥವಾ ನಾಮಕರಣದ ತೊಟ್ಟಿಲಿನ ಚಿತ್ರವನ್ನು ಸ್ಟಾಕ್ ತಾಣಕ್ಕೆ ಏರಿಸುವ ಹಕ್ಕು ನಿಮಗೆ ಉಳಿದಿರುವುದಿಲ್ಲ. ಏರಿಸುವಾಗ ‘ಇದು ನನ್ನದೇ’ ಎಂದು ಒಪ್ಪಿ ಗುಂಡಿ ಒತ್ತುವುದರಿಂದ ತಪ್ಪು ಎರಡಾಗುತ್ತದೆ. ನಿಮ್ಮ ಕೆಲಸದ ಮಾದರಿಯಾಗಿ ಇನ್‌ಸ್ಟಾಗ್ರಾಮಿನಲ್ಲಿ ಹಾಕಿಕೊಳ್ಳಬೇಕಿದ್ದರೂ ಮೊದಲೇ ಕೇಳಿ, ಒಪ್ಪಿಗೆಯನ್ನು ವಾಟ್ಸ್‌ಆ್ಯಪ್ ಸಂದೇಶದ ರೂಪದಲ್ಲಿಯಾದರೂ ಬರಹದಲ್ಲಿ ಪಡೆಯಬೇಕು. ಮಕ್ಕಳ ಚಿತ್ರವಾದರೆ ಒಪ್ಪಿಗೆ ಸಿಕ್ಕರೂ ಹಾಕದಿರುವುದೇ ಮೇಲು ಎಂಬುದು ನನ್ನ ಅಭಿಮತ.

ಸ್ಟಾಕಿಗೆ ಬೇಕಾದ ಚಿತ್ರವನ್ನು ಬೇರೆಯಾಗಿ, ನಿಮ್ಮ ಸ್ವಂತ ವಸ್ತುವನ್ನಿಟ್ಟು ತೆಗೆಯಿರಿ. ಅಂಗಡಿಯ ಕೆಲಸಕ್ಕೆ ಕಟ್ಟಿಕೊಂಡ ಅದೇ ಬಾಗಿಲ ಬೆಳಕು, ಅದೇ ಥರ್ಮಾಕೋಲ್ ಹಲಗೆ ಮನೆಯ ಮೆಣಸಿನಕಾಯಿಗೂ ಅಡಿಕೆಗೂ ಆಗುತ್ತದೆ. ಸ್ಟಾಕನ್ನು ಪಕ್ಕದ ಕೆಲಸವಾಗಿ ಇಟ್ಟುಕೊಳ್ಳುವುದೆಂದರೆ ಇದೇ.

ಮೊದಲ ಅಂಗಡಿಯನ್ನು ಹಿಡಿಯಲು ದೊಡ್ಡ ಮಾತು ಬೇಕಿಲ್ಲ. ಕ್ಯಾಟಲಾಗಿನಲ್ಲಿ ಟ್ಯೂಬ್‌ಲೈಟಿನ ಹಳದಿ ಚಿತ್ರಗಳಿರುವ ಅಂಗಡಿಯೊಂದನ್ನು ಗುರುತಿಸಿ, ಬೆಳಿಗ್ಗೆ ವ್ಯಾಪಾರ ತೆಳುವಾಗಿರುವ ಹೊತ್ತಿನಲ್ಲಿ ಹೋಗಿ, ಎರಡು ಮೂರು ಸರಕಿನ ಚಿತ್ರವನ್ನು ಅಲ್ಲಿಯೇ ತೆಗೆದು ಹಳೆಯದರ ಪಕ್ಕ ಇಟ್ಟು ತೋರಿಸಿದರೆ ಮಾತು ತಾನಾಗಿ ದರಕ್ಕೆ ಬರುತ್ತದೆ. ದರವನ್ನು ಸರಕಿಗೆ ಇಷ್ಟು ಎಂದು ಹೇಳಿ, ನೋಟಗಳ ಸಂಖ್ಯೆ ಮತ್ತು ಒಂದು ಸುತ್ತಿನ ತಿದ್ದುಪಡಿ ಅದರಲ್ಲಿ ಸೇರಿದೆ ಎಂದು ಬರೆದುಕೊಡಿ. ಬಂದ ಮೊದಲ ಹಣದಲ್ಲಿ ಹೊಸ ಫೋನು ಕೊಳ್ಳಬೇಡಿ. ಅಲ್ಲಾಡದ ಟ್ರೈಪಾಡು, ಗ್ರೇ ಕಾರ್ಡು, ಆಮೇಲೆ ದೀಪ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆಯಾದ ಸಿಆರ್‌ಐ 95 ಅಥವಾ ಅದಕ್ಕಿಂತ ಹೆಚ್ಚಿರುವ ಒಂದು ಎಲ್‌ಇಡಿ ದೀಪ, ಈ ಅನುಕ್ರಮದಲ್ಲಿ ಕೊಳ್ಳಿ. ಬಣ್ಣವನ್ನು ಸರಿಯಾಗಿ ತೋರಿಸುವ ದೀಪ ಬಂದ ಮೇಲೆ ಮಳೆಗಾಲದ ಮಬ್ಬಿನಲ್ಲಿಯೂ, ಬಾಗಿಲ ಬೆಳಕಿಲ್ಲದ ಮಹಡಿ ಅಂಗಡಿಗಳಲ್ಲಿಯೂ ಕೆಲಸ ಒಪ್ಪಿಕೊಳ್ಳಬಹುದು.